ಅಂಚು ಹೇಳುವ ಸಾಕ್ಷ್ಯ: ಕೈಮಗ್ಗದ ಸೀರೆಯನ್ನು ಬಟ್ಟೆಯಿಂದಲೇ ಗುರುತಿಸಬಹುದೇ?

ಕುಂದಾಪುರ, ಬೈಂದೂರು ಅಥವಾ ಬ್ರಹ್ಮಾವರದ ಯಾವುದಾದರೂ ಜವಳಿ ಅಂಗಡಿಯಲ್ಲಿ ಉಡುಪಿ ಸೀರೆ ಕೇಳಿ ನೋಡಿ. ಮಾರುವವರು ಬಟ್ಟೆಯನ್ನು ಮಗುಚಿ ಹಿಂಬದಿ ತೋರಿಸುತ್ತಾರೆ. ಒಂದೆರಡು ಕಡೆ ಎಳೆ ದಪ್ಪವಾಗಿರುವುದನ್ನು ಬೆರಳಿನಿಂದ ತೋರಿಸಿ, 'ನೋಡಿ, ಕೈಮಗ್ಗದ್ದು' ಎನ್ನುತ್ತಾರೆ. ಈಗ ಅದೇ ಮಾತು ಅಂಚಿನ ಮತ್ತು ಹಿಂಬದಿಯ ಫೋಟೋಗಳ ಮೂಲಕ ಮೊಬೈಲಿಗೂ ಬರುತ್ತದೆ. ಈ ಸಾಕ್ಷ್ಯಕ್ಕೆ ಎಷ್ಟು ಬೆಲೆ? ಇದನ್ನು ತಿಳಿಯಲು ಮೊದಲು ಸ್ವಲ್ಪ ಇತಿಹಾಸ, ಆಮೇಲೆ ಸ್ವಲ್ಪ ಭೌತವಿಜ್ಞಾನ ಬೇಕು.

ಕರಾವಳಿಯ ನೇಯ್ಗೆಯಲ್ಲಿ ದೊಡ್ಡ ಬದಲಾವಣೆ ತಂದದ್ದು ಬಾಸೆಲ್ ಮಿಷನ್. 1844ರಲ್ಲಿ ಅದು ಮಂಗಳೂರಿನಲ್ಲಿ ನೇಯ್ಗೆ ಆರಂಭಿಸಿತು. 1851ರಲ್ಲಿ ಬಂದ ಜಾನ್ ಹಾಲರ್ ಯುರೋಪಿನ ಮಾದರಿಯ ಮಗ್ಗಗಳನ್ನು ಬಳಕೆಗೆ ತಂದರು. ಇವುಗಳಲ್ಲಿ ಲಾಳಿಯನ್ನು ಕೈಯಿಂದ ಕೈಗೆ ದಾಟಿಸಬೇಕಿಲ್ಲ. ಹಗ್ಗ ಜಗ್ಗಿದರೆ ಲಾಳಿ ತಾನೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುತ್ತದೆ. ಇಂಗ್ಲೆಂಡಿನ ಜಾನ್ ಕೇ 1733ರಲ್ಲಿ ಕಂಡುಹಿಡಿದ ಉಪಾಯ ಇದು. ಇಲ್ಲಿ ಒಂದು ಅಂಶವನ್ನು ಗಮನಿಸಿ. ವಿದ್ಯುತ್ ಮಗ್ಗವೂ ಬಹುಕಾಲ ಇದೇ ಲಾಳಿಯನ್ನೇ ಹಾರಿಸಿತು. ಕೈಯ ಬದಲು ಮೋಟಾರು ಬಂತು, ಅಷ್ಟೆ. ಎರಡೂ ಮಗ್ಗಗಳ ಬಟ್ಟೆ ಒಂದೇ ರೀತಿ ಕಾಣಲು ಇದೇ ಮೂಲ ಕಾರಣ.

ಎರಡನ್ನೂ ಬೇರ್ಪಡಿಸುವ ಅಗತ್ಯವನ್ನು ಹುಟ್ಟಿಸಿದ್ದು ಕಾನೂನು. 1985ರ ಕೈಮಗ್ಗ (ಉತ್ಪಾದನೆಗೆ ವಸ್ತುಗಳ ಮೀಸಲಾತಿ) ಕಾಯ್ದೆ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಟ್ಟಿತು. ವಿದ್ಯುತ್ ಮಗ್ಗದವರು ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 1993ರಲ್ಲಿ ಸರ್ವೋಚ್ಚ ನ್ಯಾಯಾಲಯ ಕಾಯ್ದೆಯನ್ನು ಎತ್ತಿಹಿಡಿಯಿತು. ಮೊದಲು 22 ಇದ್ದ ಮೀಸಲು ವಸ್ತುಗಳು ಆಮೇಲೆ 11ಕ್ಕೆ ಇಳಿದವು. ಸೀರೆ ಅವುಗಳಲ್ಲಿ ಒಂದು. ಈ ಕಾಯ್ದೆಯ ಪ್ರಕಾರ, ವಿದ್ಯುತ್ ಮಗ್ಗವಲ್ಲದ ಯಾವುದೇ ಮಗ್ಗ ಕೈಮಗ್ಗ. ಅಂದರೆ ಕಾಯ್ದೆ ಮಗ್ಗಕ್ಕೆ ವ್ಯಾಖ್ಯೆ ಕೊಟ್ಟಿತೇ ಹೊರತು ಬಟ್ಟೆ ಹೇಗಿರಬೇಕೆಂದು ಹೇಳಲಿಲ್ಲ. 2006ರಲ್ಲಿ ಕೇಂದ್ರ ಸರ್ಕಾರ 'ಹ್ಯಾಂಡ್‌ಲೂಮ್ ಮಾರ್ಕ್' ಚೀಟಿ ತಂದಿತು. 2016ರಲ್ಲಿ ಉಡುಪಿ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಚೀಟಿ ಕಿತ್ತುಹೋದ ಸೀರೆ ಕೈಗೆ ಬಂದಾಗ ಉಳಿಯುವುದು ಬಟ್ಟೆ ಮಾತ್ರ. ಹಾಗಾದರೆ ಬಟ್ಟೆಯನ್ನೇ ವಿಚಾರಿಸೋಣ.

ಮೊದಲು ದಪ್ಪ ಎಳೆಯ ವಿಷಯ. ಕೈಮಗ್ಗದವರೂ ಸಾಮಾನ್ಯವಾಗಿ ಗಿರಣಿಯಲ್ಲಿ ತೆಗೆದ ನೂಲನ್ನೇ ಬಳಸುತ್ತಾರೆ. ಕೈಯಿಂದ ನೂತು ಕೈಯಿಂದ ನೇಯ್ದದ್ದು ಖಾದಿ. ಕೈಮಗ್ಗದ ಬಟ್ಟೆಯೆಲ್ಲ ಖಾದಿಯಲ್ಲ. ನೂಲಿನ ದಪ್ಪ ಹೆಚ್ಚುಕಡಿಮೆಯಾಗಿದ್ದರೆ ಅದು ನೂಲುವ ಯಂತ್ರದ ಗುಣವೇ ಹೊರತು ಮಗ್ಗದ್ದಲ್ಲ. ಬೇಕೆಂದೇ ನಡುನಡುವೆ ಉಬ್ಬುಗಳಿರುವಂತೆ ತೆಗೆದ ನೂಲು ಮಾರುಕಟ್ಟೆಯಲ್ಲಿ ಸಿಗುತ್ತದೆ. ಅದನ್ನು ವಿದ್ಯುತ್ ಮಗ್ಗಕ್ಕೆ ಹಾಕಿದರೂ 'ಕೈಮಗ್ಗದ ಒರಟುತನ' ಬರುತ್ತದೆ. ಆದ್ದರಿಂದ ಅಂಗಡಿಯವರು ಬೆರಳಿಟ್ಟು ತೋರಿಸುವ ಗುರುತು ಬಹುಮಟ್ಟಿಗೆ ಏನನ್ನೂ ಸಾಧಿಸುವುದಿಲ್ಲ.

ಮಗ್ಗದ ಗುರುತು ಬೇಕಿದ್ದರೆ ಹೊಕ್ಕಿನ ಎಳೆಗಳ ನಡುವಿನ ಅಂತರವನ್ನು ನೋಡಬೇಕು. ಉದ್ದಕ್ಕೆ ಬಿಗಿದ ಎಳೆಗಳು ಹಾಸು. ಲಾಳಿ ಅಡ್ಡಕ್ಕೆ ಸೇರಿಸುವವು ಹೊಕ್ಕು. ಪ್ರತಿ ಹೊಕ್ಕನ್ನೂ ಹಣಿಗೆ ಬಡಿದು ಬಟ್ಟೆಯ ಅಂಚಿಗೆ ಕೂಡಿಸುತ್ತದೆ. ವಿದ್ಯುತ್ ಮಗ್ಗದಲ್ಲಿ ಪ್ರತಿ ಬಡಿತಕ್ಕೂ ಹಲ್ಲುಚಕ್ರಗಳು ಬಟ್ಟೆಯನ್ನು ಒಂದೇ ಅಳತೆಯಷ್ಟು ಮುಂದಕ್ಕೆ ಎಳೆಯುತ್ತವೆ. ಸಾದಾ ಕೈಮಗ್ಗದಲ್ಲಿ ಹಾಗಲ್ಲ. ನೇಕಾರರು ಕೆಲವು ಇಂಚು ನೇಯ್ದು, ನಿಲ್ಲಿಸಿ, ಬಟ್ಟೆಯನ್ನು ಕೈಯಿಂದ ಸುತ್ತಿಕೊಳ್ಳುತ್ತಾರೆ. ಈ ನಡುವೆ ಬಟ್ಟೆಯ ಅಂಚು ಅವರಿಂದ ದೂರಕ್ಕೆ ಸರಿಯುತ್ತ ಹೋಗುತ್ತದೆ, ಹಣಿಗೆ ತೂಗಿ ಬರುವ ದೂರ ಬದಲಾಗುತ್ತದೆ, ಹಾಸಿನ ಬಿಗಿತವೂ ಬದಲಾಗುತ್ತದೆ. ಸುತ್ತಿಕೊಂಡ ಮೇಲೆ ಎಲ್ಲವೂ ಮತ್ತೆ ಮೊದಲಿನ ಸ್ಥಿತಿಗೆ ಬರುತ್ತವೆ. ಹೀಗಾಗಿ ಅಂತರದಲ್ಲಿ ಬರುವ ಏರುಪೇರಿಗೆ ಒಂದು ಆವರ್ತನ ಇರುತ್ತದೆ.

ಒಂದು ಉದಾಹರಣೆ ನೋಡೋಣ. ಭೂತಗನ್ನಡಿ ಮತ್ತು ಅಳತೆಪಟ್ಟಿ ಹಿಡಿದು, ಸೀರೆಯ ಉದ್ದಕ್ಕೆ ಸಾಲಾಗಿ ಹತ್ತು ಇಂಚುಗಳಲ್ಲಿ ಪ್ರತಿ ಇಂಚಿನ ಹೊಕ್ಕುಗಳನ್ನು ಎಣಿಸಿದಿರಿ ಎನ್ನಿ. ಮೊದಲ ಸೀರೆಯಲ್ಲಿ 62, 60, 58, 57, 63, 61, 59, 57, 62, 60 ಬಂತು. ಎರಡನೆಯದರಲ್ಲಿ 60, 60, 61, 60, 59, 60, 60, 60, 61, 60 ಬಂತು. ಎರಡರ ಸರಾಸರಿಯೂ ಸುಮಾರು 60. ಎಣಿಕೆಯಲ್ಲಿ ಒಂದು ಎಳೆ ಹೆಚ್ಚುಕಡಿಮೆಯಾಗುವುದು ಸಹಜ. ಎರಡನೆಯ ಸೀರೆಯ ವ್ಯತ್ಯಾಸವೆಲ್ಲ ಈ ದೋಷದೊಳಗೇ ಇದೆ. ಮೊದಲನೆಯದರಲ್ಲಿ ಹಾಗಲ್ಲ. ಅಲ್ಲಿ ಸಂಖ್ಯೆ ಇಳಿಯುತ್ತ ಹೋಗಿ ನಾಲ್ಕು ಇಂಚಿಗೊಮ್ಮೆ ಥಟ್ಟನೆ ಏರುತ್ತದೆ. ನಾಲ್ಕು ಇಂಚಿಗೊಮ್ಮೆ ಬಟ್ಟೆ ಸುತ್ತಿಕೊಂಡ ಕೈಯ ಗುರುತು ಅದಾಗಿರಬಹುದು. ಕೆಲವು ಮಗ್ಗಗಳಲ್ಲಿ ಇಳಿಯುವ ಬದಲು ಏರುತ್ತ ಹೋಗಬಹುದು. ಮುಖ್ಯವಾದುದು ದಿಕ್ಕಲ್ಲ, ಮರುಕಳಿಸುವ ರೀತಿ. ಮೂರನೆಯ ಸೀರೆಯೊಂದರಲ್ಲಿ ಎಲ್ಲೆಡೆ 60 ಇದ್ದು ಒಂದೇ ಕಡೆ 53 ಸಿಕ್ಕಿದರೆ? ಅದು ವಿದ್ಯುತ್ ಮಗ್ಗ ನಿಂತು ಮತ್ತೆ ಹೊರಟಾಗಲೂ ಬೀಳುವ ಕಲೆ. ಏರುಪೇರು ದೊಡ್ಡದಾಗಿದೆ ಎಂದ ಮಾತ್ರಕ್ಕೆ ಕೈಮಗ್ಗದ್ದಾಗುವುದಿಲ್ಲ.

ಈ ಪರೀಕ್ಷೆಗೂ ಮಿತಿ ಇದೆ. ನುರಿತ ನೇಕಾರರು ಪದೇ ಪದೇ ಸ್ವಲ್ಪ ಸ್ವಲ್ಪವೇ ಸುತ್ತಿಕೊಂಡು ಅಂತರವನ್ನು ಸಮವಾಗಿ ಇಡುತ್ತಾರೆ. ಬಟ್ಟೆ ತಾನಾಗಿ ಸುತ್ತಿಕೊಳ್ಳುವ ಹಲ್ಲುಚಕ್ರಗಳನ್ನು ಜೋಡಿಸಿದ ಕೈಮಗ್ಗಗಳೂ ಇವೆ. ಕಾಯ್ದೆಯ ದೃಷ್ಟಿಯಲ್ಲಿ ಅವೂ ಕೈಮಗ್ಗಗಳೇ, ಆದರೆ ಅವುಗಳ ಬಟ್ಟೆಯ ಎಣಿಕೆ ಎರಡನೆಯ ಸೀರೆಯಂತೆಯೇ ಬರುತ್ತದೆ.

ಇನ್ನು ಅಂಚಿಗೆ ಬರೋಣ. ಲಾಳಿ ಇರುವ ಮಗ್ಗದಲ್ಲಿ ಹೊಕ್ಕು ಕತ್ತರಿಸದೆ ಅಂಚಿನಲ್ಲಿ ತಿರುಗಿ ಹಿಂದಕ್ಕೆ ಬರುತ್ತದೆ. ಲಾಳಿ ಇಲ್ಲದ ಆಧುನಿಕ ಮಗ್ಗಗಳಲ್ಲಿ ಪ್ರತಿ ಹೊಕ್ಕನ್ನೂ ಕತ್ತರಿಸಲಾಗುತ್ತದೆ. ಆಗ ಅಂಚಿನಲ್ಲಿ ಕುಚ್ಚಿನಂತೆ ತುದಿಗಳು ನಿಲ್ಲುತ್ತವೆ, ಇಲ್ಲವೇ ತುದಿಗಳನ್ನು ಒಳಕ್ಕೆ ಮಡಿಸಿದ್ದರಿಂದ ಅಂಚು ಇಮ್ಮಡಿ ದಪ್ಪವಾಗುತ್ತದೆ. ಇಂಥ ಅಂಚು ಕಂಡರೆ ಸೀರೆ ಕೈಮಗ್ಗದ್ದಲ್ಲ ಎಂದು ಧೈರ್ಯವಾಗಿ ಹೇಳಬಹುದು. ಆದರೆ ತಿರುಗಿ ಬರುವ ಎಳೆ ಕಂಡರೆ 'ಕೈಮಗ್ಗದ್ದು' ಎನ್ನುವಂತಿಲ್ಲ. ಲಾಳಿ ಇರುವ ವಿದ್ಯುತ್ ಮಗ್ಗದಲ್ಲೂ ಅದು ಹಾಗೆಯೇ ಬರುತ್ತದೆ ತಾನೆ?

ಅಂಚಿನಲ್ಲಿ ಇನ್ನೊಂದು ಗುರುತು ಹುಡುಕಬಹುದು. ನೇಯುವಾಗ ಬಟ್ಟೆ ಅಗಲದಲ್ಲಿ ಕುಗ್ಗುತ್ತದೆ. ಅದನ್ನು ತಡೆಯಲು ಕೈಮಗ್ಗದಲ್ಲಿ ಎರಡೂ ತುದಿಗೆ ಮುಳ್ಳುಗಳಿರುವ ಕಡ್ಡಿಯನ್ನು ಬಟ್ಟೆಗೆ ಅಡ್ಡಲಾಗಿ ಚುಚ್ಚಿರುತ್ತಾರೆ. ನೇಯ್ಗೆ ಮುಂದುವರಿದಂತೆ ಅದನ್ನು ಕಿತ್ತು ಮುಂದಕ್ಕೆ ಚುಚ್ಚುತ್ತಾರೆ. ಆದ್ದರಿಂದ ತೂತುಗಳು ಗುಂಪು ಗುಂಪಾಗಿ, ನಡುವೆ ಅಂತರ ಬಿಟ್ಟು ಕಾಣುತ್ತವೆ. ವಿದ್ಯುತ್ ಮಗ್ಗದಲ್ಲಿ ಈ ಕೆಲಸ ಮಾಡುವುದು ಮುಳ್ಳುಗಳಿರುವ, ತಿರುಗುವ ಉರುಳೆಗಳು. ಅವು ಉದ್ದಕ್ಕೂ ಒಂದೇ ಅಂತರದ ತೂತುಗಳ ಸಾಲು ಬಿಡುತ್ತವೆ. ಹೊಸ ಸೀರೆಯನ್ನು ಬೆಳಕಿಗೆ ಅಡ್ಡ ಹಿಡಿದರೆ ಇದು ಕಾಣುತ್ತದೆ. ಒಗೆದು ಇಸ್ತ್ರಿ ಮಾಡಿದ ಮೇಲೆ ಎಳೆಗಳು ಕೂಡಿಕೊಂಡು ಗುರುತು ಮಾಯವಾಗಬಹುದು. ತೂತು ಕಾಣದಿದ್ದರೆ ಯಾವ ತೀರ್ಮಾನಕ್ಕೂ ಬರುವಂತಿಲ್ಲ.

ಹಿಂಬದಿಯ ಸಾಕ್ಷ್ಯವೂ ಇದೇ ಬಗೆಯದು. ಬುಟ್ಟಾ ನೇಯಲು ಬಳಸುವ ಹೆಚ್ಚುವರಿ ಹೊಕ್ಕು ಪ್ರತಿ ಬುಟ್ಟಾದ ಅಂಚಿನಲ್ಲೇ ತಿರುಗಿ ಅಲ್ಲೇ ಉಳಿದಿದ್ದರೆ, ಅದನ್ನು ಪುಟ್ಟ ಉರುಳೆಯಿಂದ ಕೈಯಲ್ಲಿ ಸೇರಿಸಿರುವ ಸಾಧ್ಯತೆ ಹೆಚ್ಚು. ಎಳೆ ಇಡೀ ಅಗಲಕ್ಕೆ ಹೋಗಿ, ಬುಟ್ಟಾಗಳ ನಡುವೆ ಕತ್ತರಿಸಿದ ತುದಿಗಳು ಕಂಡರೆ ಜನ 'ಯಂತ್ರದ್ದು' ಎನ್ನುತ್ತಾರೆ. ಇದು ತಪ್ಪು. ಜಕಾರ್ಡ್ ಜೋಡಿಸಿದ ಕೈಮಗ್ಗದಲ್ಲೂ ಎಳೆ ಅಗಲಕ್ಕೆ ಹೋಗಿ ಆಮೇಲೆ ಕತ್ತರಿಸಲ್ಪಡುತ್ತದೆ. ಅಂಚಿನ ವಿನ್ಯಾಸ ಹೆಚ್ಚುವರಿ ಹಾಸಿನಿಂದ ಬಂದಿದ್ದರಂತೂ, ಹಿಂದೆ ಉದ್ದಕ್ಕೆ ತೇಲುವ ಎಳೆಗಳು ಎರಡೂ ಮಗ್ಗಗಳಲ್ಲಿ ಒಂದೇ ತೆರನಾಗಿ ಕಾಣುತ್ತವೆ.

ಕೊನೆಗೆ ಫೋಟೋ. ಇಂಚಿಗೆ 60 ಎಳೆ ಇದ್ದರೆ ಎಳೆಯಿಂದ ಎಳೆಗೆ ಸುಮಾರು 0.42 ಮಿಲಿಮೀಟರು. 46 ಇಂಚು ಅಗಲದ ಇಡೀ ಬಟ್ಟೆ 1600 ಚಿತ್ರಬಿಂದುಗಳಲ್ಲಿ ಅಡಗಿದೆ ಎನ್ನಿ. ಇಂಚಿಗೆ ಸಿಗುವುದು ಸುಮಾರು 35 ಬಿಂದು. ಎಳೆಯೊಂದಕ್ಕೆ ಒಂದು ಬಿಂದುವೂ ಇಲ್ಲ. ಒಂದು ಎಳೆಯನ್ನು ಗುರುತಿಸಲು ಕನಿಷ್ಠ ಎರಡು ಬಿಂದು ಬೇಕು. ಕಡಿಮೆಯಾದರೆ ಎಳೆಗಳು ಮಾಯವಾಗುವುದಷ್ಟೇ ಅಲ್ಲ, ಇಲ್ಲದ ಪಟ್ಟಿಗಳು ಹುಟ್ಟಿಕೊಳ್ಳುತ್ತವೆ. ಇಲ್ಲಿ 35ರ ಎರಡರಷ್ಟು 70. ಅದರಿಂದ 60 ಕಳೆದರೆ 10. ಇಂಚಿಗೆ ಸುಮಾರು 10 ಸುಳ್ಳು ಗೆರೆಗಳು ಕಾಣಬಹುದು. ಎರಡು ಸೊಳ್ಳೆಪರದೆಗಳನ್ನು ಒಂದರ ಮೇಲೊಂದು ಹಿಡಿದಾಗ ಅಲೆಗಳಂಥ ಪಟ್ಟಿ ಕಾಣುತ್ತದಲ್ಲ, ಅದೇ ಇದು. ಕ್ಯಾಮೆರಾ ಸ್ವಲ್ಪ ಓರೆಯಾದರೆ ಈ ಪಟ್ಟಿಗಳು ಅಲ್ಲಲ್ಲಿ ಅಗಲ ಬದಲಿಸಿ, ಥೇಟ್ ಕೈಯಿಂದ ಬಡಿದ ಏರುಪೇರಿನಂತೆಯೇ ತೋರುತ್ತವೆ. ಆದ್ದರಿಂದ ಇಡೀ ಸೀರೆಯ ಫೋಟೋ ನೋಡಿ ನೇಯ್ಗೆಯ ತೀರ್ಪು ಕೊಡಬೇಡಿ. ಅಳತೆಪಟ್ಟಿ ಜೊತೆಗಿಟ್ಟು, ಎರಡು ಮೂರು ಇಂಚಿನಷ್ಟು ಜಾಗವನ್ನು ಮಾತ್ರ ಹತ್ತಿರದಿಂದ, ನೇರವಾಗಿ ತೆಗೆದ ಚಿತ್ರಗಳನ್ನು ಕೇಳಿ. ಅಂಥ ಚಿತ್ರಗಳು ಅಂಚಿನ ಉದ್ದಕ್ಕೂ ಸಾಲಾಗಿ ಹತ್ತು ಇಂಚಿನವರೆಗೆ ಇದ್ದರೆ ಮೇಲೆ ಹೇಳಿದ ಎಣಿಕೆಯನ್ನು ಮನೆಯಲ್ಲೇ ಕುಳಿತು ಮಾಡಬಹುದು.

ಈಗ ಎಲ್ಲವನ್ನೂ ಕೂಡಿಸಿ ನೋಡಿ. ಕತ್ತರಿಸಿದ ಅಂಚು, ಉದ್ದಕ್ಕೂ ಸಮನಾದ ತೂತುಗಳ ಸಾಲು: ಇವು ಕೈಮಗ್ಗವೆಂಬ ಹೇಳಿಕೆಯನ್ನು ಮುರಿಯಬಲ್ಲವು. ಆವರ್ತಿಸುವ ಎಣಿಕೆ, ಬುಟ್ಟಾದಲ್ಲೇ ತಿರುಗುವ ಎಳೆ: ಇವು ಆ ಹೇಳಿಕೆಗೆ ಬಲ ಕೊಡಬಲ್ಲವು. ಇವು ಇಲ್ಲದಿದ್ದರೆ ಮಾತ್ರ ಏನೂ ತೀರ್ಮಾನವಾಗುವುದಿಲ್ಲ. ದಪ್ಪ ಎಳೆಯನ್ನೂ ವಕ್ರ ನೇಯ್ಗೆಯನ್ನೂ ಪುರಾವೆಯೆಂದು ಹಟ ಹಿಡಿಯುವ ಗಿರಾಕಿ, ಬ್ರಹ್ಮಾವರದ ಕಡೆಯ ಹಿರಿಯ ನೇಕಾರರೊಬ್ಬರು ಸಮವಾಗಿ ನೇಯ್ದ ಸೀರೆಯನ್ನು 'ಯಂತ್ರದ್ದು' ಎಂದು ಪಕ್ಕಕ್ಕಿಟ್ಟು, ಉಬ್ಬುನೂಲಿನ ವಿದ್ಯುತ್ ಮಗ್ಗದ ಸೀರೆಗೆ ಹೆಚ್ಚು ದುಡ್ಡು ಕೊಟ್ಟು ಹೋಗುತ್ತಾರೆ. ನಿಮ್ಮ ಕೈಗೆ ಅಂಥ ಸಮನಾದ ಸೀರೆ ಬಂದು, ಅಂಚು ಮುಚ್ಚಿದ್ದು, ತೂತುಗಳು ಕಾಣದಿದ್ದರೆ, ಬಟ್ಟೆಯ ಸಾಕ್ಷ್ಯ ಅಲ್ಲಿಗೆ ಮುಗಿಯಿತು. ಮುಂದಿನ ಪ್ರಶ್ನೆಯನ್ನು ಚೀಟಿಗೆ, ಅದನ್ನು ಕೊಟ್ಟ ನೇಕಾರರ ಸಂಘಕ್ಕೆ, ಸಾಧ್ಯವಾದರೆ ಮಗ್ಗದ ಬಳಿಗೇ ಹೋಗಿ ಕೇಳಬೇಕು.