ಸ್ಪ್ರಿಂಗ್ ಬೋನ್ (ಅನಿಮೇಷನ್)

ಸ್ಪ್ರಿಂಗ್ ಬೋನ್ ಎಂಬುದು ಮೂರು ಆಯಾಮದ ಅನಿಮೇಷನ್‌ನಲ್ಲಿ ಬಾಲ, ಕಿವಿ, ಕೀಟದ ಮೀಸೆ ಮೊದಲಾದ ಅಂಗಗಳು ದೇಹದ ಚಲನೆಯನ್ನು ತುಸು ತಡವಾಗಿ ಅನುಸರಿಸುವಂತೆ ಮಾಡುವ ವಿಧಾನವಾಗಿದೆ. ಜಪಾನಿನಲ್ಲಿ ರೂಪುಗೊಂಡ ವಿಆರ್‌ಎಂ ಎಂಬ ಪಾತ್ರ-ಕಡತದ ಮಾದರಿಯಲ್ಲಿ ಇದು ಅಡಕವಾಗಿದೆ.

ಕಾರ್ಯವಿಧಾನ

ಅಂಗದೊಳಗಿನ ಮೂಳೆಗಳನ್ನು ಸರಪಳಿಯಂತೆ ಜೋಡಿಸಲಾಗುತ್ತದೆ. ಪ್ರತಿ ಫ್ರೇಮಿನಲ್ಲಿ ಮೂಳೆಯ ತುದಿಯು ಹಿಂದಿನ ವೇಗದ ಒಂದು ಪಾಲನ್ನು ಉಳಿಸಿಕೊಂಡು ಸಾಗುತ್ತದೆ. ಬಿಗಿತವು ಅದನ್ನು ಮೂಲ ದಿಕ್ಕಿಗೆ ಸೆಳೆಯುತ್ತದೆ. ಬಳಿಕ ಮೂಳೆಯ ಉದ್ದ ಬದಲಾಗದಂತೆ ತುದಿಯ ಸ್ಥಾನವನ್ನು ಸರಿಪಡಿಸಲಾಗುತ್ತದೆ. ಕಿವಿಗೆ 30 ಡಿಗ್ರಿಯ ಕೋನಮಿತಿ ಇದೆಯೆಂದುಕೊಂಡರೆ, ಅದನ್ನು ಮೀರಿದ ತುದಿಯನ್ನು ಮಿತಿಯ ಅಂಚಿಗೆ ಮರಳಿಸಲಾಗುತ್ತದೆ. ಹೀಗಾಗಿ ಕಿವಿಯು ತಲೆಯೊಳಗೆ ತೂರುವುದು ತಪ್ಪುತ್ತದೆ.

ಅವಮಂದನ

ಅವಮಂದನವು 0.4 ಆಗಿದ್ದಾಗ, ಬಿಗಿತವನ್ನು ಬದಿಗಿಟ್ಟರೆ, ಒಂದು ಫ್ರೇಮಿನಲ್ಲಿ 10 ಮಿ.ಮೀ. ಸರಿದ ತುದಿಯು ಮುಂದಿನದರಲ್ಲಿ 6, ಅನಂತರ 3.6 ಮಿ.ಮೀ. ಸರಿಯುತ್ತದೆ. ಬೆಲೆ 0 ಆದರೆ ತೂಗಾಟ ಬೇಗನೆ ನಿಲ್ಲದು. 1 ಆದರೆ ಬಾಲವು ತೂಗದೆ ಸ್ವಸ್ಥಾನಕ್ಕೆ ಮರಳುತ್ತದೆ. ಈ ಕಡಿತವು ಫ್ರೇಮಿಗೊಮ್ಮೆ ನಡೆಯುವುದರಿಂದ, ಸೆಕೆಂಡಿಗೆ 60 ಫ್ರೇಮ್‌ಗಳಲ್ಲಿ ಮೃದುವಾಗಿ ನಿಲ್ಲುವ ಬಾಲವು 30 ಫ್ರೇಮ್‌ಗಳಲ್ಲಿ ಹೆಚ್ಚು ಕಾಲ ತೂಗುತ್ತದೆ. ಫ್ರೇಮಿನ ವೇಗ ಏನೇ ಇದ್ದರೂ ಲೆಕ್ಕವನ್ನು ನಿಗದಿತ ಕಾಲಾಂತರದಲ್ಲಿ ನಡೆಸುವುದು ಇದಕ್ಕೆ ಪರಿಹಾರವಾಗಿದೆ.