ಉಡುಪಿನ ಅಳತೆ ವಿವರಣೆ

ಆನ್‌ಲೈನ್ ಮಾರಾಟದಲ್ಲಿ ಉಡುಪಿನ ಬಟ್ಟೆ, ಅಳತೆ ಮತ್ತು ಅದು ಮೈಮೇಲೆ ಕೂರುವ ಬಗೆಯನ್ನು ತಿಳಿಸುವ ಬರಹ. ಉಡುಪು ವಾಪಸ್ ಬರುವುದರ ಹಿಂದೆ ಹಲವು ಬಾರಿ ಇರುವುದು ಒಂದೇ ಗೊಂದಲ: ಪಟ್ಟಿಯಲ್ಲಿರುವುದು ಮೈಯಳತೆಯೋ, ಹೊಲಿದ ಉಡುಪಿನ ಅಳತೆಯೋ ಎಂಬುದು ಕೊಳ್ಳುವವರಿಗೆ ತಿಳಿಯುವುದಿಲ್ಲ.

ಹಿಗ್ಗದ ಹತ್ತಿ ಬಟ್ಟೆಯ ಒಂದು ಕುರ್ತಿಯನ್ನು ನೋಡೋಣ. ಸುಕ್ಕಿಲ್ಲದಂತೆ ಹಾಸಿ, ಕಂಕುಳಿನಿಂದ ಕಂಕುಳಿಗೆ ಟೇಪು ಹಿಡಿದಾಗ 19.5 ಇಂಚು ಬಂದರೆ ಎದೆಯ ಸುತ್ತಳತೆ 39 ಇಂಚು. 36 ಇಂಚು ಎದೆಯವರಿಗೆ ಇದರಲ್ಲಿ 3 ಇಂಚು ಸಡಿಲ ಸಿಗುತ್ತದೆ. ಉಸಿರಾಡಲು, ಕೈ ಎತ್ತಲು ಅಷ್ಟು ಬೇಕು. ಬರೀ ‘ಎಂ, 39’ ಎಂದು ಬರೆದರೆ 39 ಇಂಚು ಎದೆಯವರೂ ಅದನ್ನೇ ತರಿಸಿಕೊಳ್ಳುತ್ತಾರೆ, ತೊಡಲಾಗದೆ ಹಿಂದಿರುಗಿಸುತ್ತಾರೆ. ‘36 ಇಂಚು ಎದೆಗೆ, ಉಡುಪಿನ ಸುತ್ತಳತೆ 39’ ಎಂದು ಎರಡನ್ನೂ ಕೊಡುವುದೇ ಸರಿ. ಸೊಂಟದ ಕೆಳಗಿನ ಸುತ್ತಳತೆಯನ್ನು ಮಾರುವವರು ಮರೆಯುವುದು ಹೆಚ್ಚು. ಸೀಳು ಮೇಲಿನಿಂದಲೇ ಆರಂಭವಾಗದ ಕುರ್ತಿ ಬಿಗಿಯುವುದು ಅಲ್ಲಿಯೇ.

ಸಡಿಲದ ಈ ಲೆಕ್ಕವನ್ನು ಒಗೆತ ಕೆಡಿಸಬಲ್ಲದು. ಮೊದಲೇ ನೀರು ಕಾಣಿಸದ ಹತ್ತಿ ಶೇ. 4ರಷ್ಟು ಕುಗ್ಗಿದರೆ 39 ಇಂಚು ಸುಮಾರು 37.5ಕ್ಕೆ ಇಳಿದು, ಸಡಿಲ ಅರ್ಧವಾಗುತ್ತದೆ. ಹೀಗಾಗಿ ‘ಶುದ್ಧ ಹತ್ತಿ’ ಎಂಬ ಮಾತಿಗಿಂತ, ಹೊಲಿಯುವ ಮುನ್ನ ಬಟ್ಟೆಯನ್ನು ನೆನೆಸಿ ಕುಗ್ಗಿಸಲಾಗಿದೆಯೇ ಎಂಬ ಮಾಹಿತಿ ಉಪಯುಕ್ತ. ತೆಳುತನಕ್ಕೂ ಹೊಗಳಿಕೆ ಬೇಡ: ಬಿಳಿ ಬಟ್ಟೆಯ ಕೆಳಗೆ ಕೈಯಿಟ್ಟರೆ ಬೆರಳು ಕಾಣುವುದಾದರೆ, ಒಳಗೆ ಲೈನಿಂಗ್ ಇದೆಯೇ ಇಲ್ಲವೇ ಎಂಬುದನ್ನು ಬರೆದು, ಹಾಗೆ ಕೈಯಿಟ್ಟು ತೆಗೆದ ಚಿತ್ರವನ್ನೂ ಹಾಕಬೇಕು.