ಕಡತಗಳು ಹೇಳುವ ಸ್ಪೇನ್: ಇನ್‌ಕ್ವಿಸಿಷನ್‌ನ ದಂತಕಥೆ ಮತ್ತು ದಾಖಲೆ

ಗ್ರಾನಡಾದ ಪತನ ಮತ್ತು ಅಂದಲೂಸಿನ ಮುಸ್ಲಿಮರ ಪಾಡಿನ ಬಗ್ಗೆ ಮಾತು ಬಂದಾಗಲೆಲ್ಲ ಇನ್‌ಕ್ವಿಸಿಷನ್ ಎಂಬ ಹೆಸರು ಬಂದೇ ಬರುತ್ತದೆ. ಅದರ ಹಿಂದೆಯೇ ಲಕ್ಷಾಂತರ ಜನರನ್ನು ಜೀವಂತ ಸುಟ್ಟ ಕಥೆ, ಒಳಗೆಲ್ಲ ಮೊಳೆಗಳಿದ್ದ ಕಬ್ಬಿಣದ ಪೆಟ್ಟಿಗೆಯ ಕಥೆ ಬರುತ್ತವೆ. ಇವುಗಳಲ್ಲಿ ಎಷ್ಟು ನಿಜ? ಕಳೆದ ಅರ್ಧ ಶತಮಾನದಲ್ಲಿ ಇತಿಹಾಸಕಾರರು ಆ ನ್ಯಾಯಾಲಯದ ಸ್ವಂತ ಕಡತಗಳನ್ನೇ ಬಿಚ್ಚಿ ಓದಿದ್ದಾರೆ. ಅವರಿಗೆ ಸಿಕ್ಕ ಚಿತ್ರ ದಂತಕಥೆಗಿಂತ ಬೇರೆ. ಅದನ್ನು ನಾವು ತಿಳಿದುಕೊಳ್ಳಬೇಕು. ಏಕೆಂದರೆ ಅನ್ಯಾಯಕ್ಕೆ ಒಳಗಾದವರ ಪರವಾಗಿ ಮಾತನಾಡುವವನ ಲೆಕ್ಕ ಸುಳ್ಳಾದರೆ, ಅವನು ಹೇಳುವ ನಿಜವನ್ನೂ ಯಾರೂ ನಂಬುವುದಿಲ್ಲ.

ಮೊದಲು ಈ ನ್ಯಾಯಾಲಯ ಹುಟ್ಟಿದ ಬಗೆಯನ್ನು ನೋಡೋಣ. ಚರ್ಚಿನ ಬೋಧನೆಗೆ ವಿರುದ್ಧವಾದ ನಂಬಿಕೆಯನ್ನು ಹುಡುಕಿ ಶಿಕ್ಷಿಸಲು ಪೋಪ್ ಒಂಬತ್ತನೆಯ ಗ್ರೆಗರಿ 1230ರ ದಶಕದಲ್ಲಿ ವಿಚಾರಣಾಧಿಕಾರಿಗಳನ್ನು ನೇಮಿಸಿದ್ದರು. ಅವರ ಕೆಲಸ ಹೆಚ್ಚಾಗಿ ದಕ್ಷಿಣ ಫ್ರಾನ್ಸಿನಲ್ಲಿ ನಡೆಯಿತು. ಸ್ಪೇನಿನ ಕಥೆ ತಡವಾಗಿ ಆರಂಭವಾಗುತ್ತದೆ. 1391ರಲ್ಲಿ ಅಲ್ಲಿನ ಊರೂರುಗಳಲ್ಲಿ ಯಹೂದಿಗಳ ಮೇಲೆ ದಾಳಿ ನಡೆದು, ಸಾವಿರಾರು ಮಂದಿ ಜೀವ ಉಳಿಸಿಕೊಳ್ಳಲು ಕ್ರೈಸ್ತರಾದರು. ಅವರ ಮಕ್ಕಳು ಮೊಮ್ಮಕ್ಕಳು ಗುಟ್ಟಾಗಿ ಹಳೆಯ ಧರ್ಮವನ್ನೇ ಪಾಲಿಸುತ್ತಿದ್ದಾರೆ ಎಂಬ ಅನುಮಾನ ಬೆಳೆಯಿತು. 1478ರಲ್ಲಿ ರಾಣಿ ಇಸಬೆಲ್ಲಾ ಮತ್ತು ರಾಜ ಫರ್ಡಿನಾಂಡ್ ಪೋಪರಿಂದ ಒಂದು ಅಧಿಕಾರ ಪಡೆದರು. ವಿಚಾರಣಾಧಿಕಾರಿಗಳನ್ನು ಇನ್ನು ಮುಂದೆ ತಾವೇ ನೇಮಿಸಬಹುದು ಎಂಬುದೇ ಆ ಅಧಿಕಾರ. ಹೀಗೆ ಚರ್ಚಿನ ನ್ಯಾಯಾಲಯ ಅರಮನೆಯ ಕೈಗೆ ಬಂತು. 1481ರಲ್ಲಿ ಸೆವಿಲ್ಲಾ ನಗರದಲ್ಲಿ ಮೊದಲ ದಹನ ನಡೆಯಿತು.

ಇಲ್ಲಿ ಅನೇಕರು ತಪ್ಪಾಗಿ ತಿಳಿಯುವ ಒಂದು ಸಂಗತಿ ಇದೆ. ಈ ನ್ಯಾಯಾಲಯಕ್ಕೆ ಅಧಿಕಾರ ಇದ್ದದ್ದು ದೀಕ್ಷಾಸ್ನಾನ ಪಡೆದ ಕ್ರೈಸ್ತರ ಮೇಲೆ ಮಾತ್ರ. ಯಹೂದಿಯಾಗಿಯೇ ಉಳಿದವನನ್ನು, ಮುಸ್ಲಿಮನಾಗಿಯೇ ಉಳಿದವನನ್ನು ಅವನ ಧರ್ಮಕ್ಕಾಗಿ ಅದು ವಿಚಾರಿಸುವಂತಿರಲಿಲ್ಲ. ಹಾಗಾದರೆ ಮುಸ್ಲಿಮರು ಅದರ ಕೈಗೆ ಸಿಕ್ಕಿದ್ದು ಹೇಗೆ? 1492ರ ಗ್ರಾನಡಾ ಒಪ್ಪಂದದಲ್ಲಿ ಅವರಿಗೆ ಧರ್ಮಪಾಲನೆಯ ಭರವಸೆ ಕೊಡಲಾಗಿತ್ತು. ಹತ್ತು ವರ್ಷವೂ ಅದು ಉಳಿಯಲಿಲ್ಲ. 1502ರಲ್ಲಿ ಕಾಸ್ಟೀಲ್ ರಾಜ್ಯದಲ್ಲಿ, 1526ರ ಹೊತ್ತಿಗೆ ಅರಗಾನ್ ರಾಜ್ಯದಲ್ಲಿ ಅವರ ಮುಂದೆ ಎರಡೇ ದಾರಿ ಇಡಲಾಯಿತು: ಕ್ರೈಸ್ತರಾಗಿ, ಇಲ್ಲವೇ ಹೊರಡಿ. ಹೊರಡುವ ದಾರಿಯೂ ಹೆಸರಿಗೆ ಮಾತ್ರ ಇತ್ತು. ಮನೆ, ಹೊಲ, ವೃದ್ಧ ತಂದೆತಾಯಿಯನ್ನು ಬಿಟ್ಟು ಹೋಗಲಾರದವರು ತಲೆಬಾಗಿದರು. ಮೊರಿಸ್ಕೋ ಎಂದು ಕರೆಯಿಸಿಕೊಂಡ ಈ ಜನರ ತಲೆಯ ಮೇಲೆ ನೀರು ಬಿದ್ದ ಕ್ಷಣದಿಂದ ಅವರು ಇನ್‌ಕ್ವಿಸಿಷನ್‌ನ ವ್ಯಾಪ್ತಿಗೆ ಬಂದರು. ನಂಬದವರನ್ನು ಬಲವಂತದಿಂದ ಒಳಗೆ ತಂದು, ಬಳಿಕ ನಂಬಿಕೆದ್ರೋಹಿ ಎಂದು ಶಿಕ್ಷಿಸುವ ವ್ಯವಸ್ಥೆ ಅದು.

ವಿಚಾರಣೆ ನಡೆಯುತ್ತಿದ್ದ ರೀತಿ ಹೀಗೆ. ಅಧಿಕಾರಿ ಊರಿಗೆ ಬಂದು ಚರ್ಚಿನಲ್ಲಿ ಒಂದು ಪ್ರಕಟಣೆ ಓದಿಸುತ್ತಿದ್ದ. ಅದರಲ್ಲಿ ಅನುಮಾನದ ಗುರುತುಗಳ ಪಟ್ಟಿ ಇರುತ್ತಿತ್ತು: ವುಝೂ ಮಾಡುವುದು, ಹಂದಿಮಾಂಸ ಮತ್ತು ದ್ರಾಕ್ಷಾರಸ ಮುಟ್ಟದಿರುವುದು, ರಮಝಾನ್ ಉಪವಾಸ, ಶುಕ್ರವಾರ ಶುಭ್ರ ಬಟ್ಟೆ ತೊಡುವುದು, ಮೃತದೇಹ ತೊಳೆದು ಹೊಸ ಬಟ್ಟೆಯ ಕಫನ್ ಹೊದಿಸುವುದು. ಇಂಥದ್ದನ್ನು ಕಂಡವರು ಬಂದು ತಿಳಿಸದಿದ್ದರೆ ಅದೂ ಅಪರಾಧ. ದೂರು ಕೊಟ್ಟವರ ಹೆಸರನ್ನು ಆರೋಪಿಗೆ ಹೇಳುತ್ತಿರಲಿಲ್ಲ. ತನ್ನ ಶತ್ರುಗಳ ಹೆಸರನ್ನು ತಾನೇ ಊಹಿಸಿ ಪಟ್ಟಿ ಕೊಡುವುದೇ ಅವನ ಮುಖ್ಯ ರಕ್ಷಣೆ. ದೂರುದಾರ ಆ ಪಟ್ಟಿಯಲ್ಲಿದ್ದರೆ ಅವನ ಸಾಕ್ಷ್ಯದ ತೂಕ ಕಡಿಮೆಯಾಗುತ್ತಿತ್ತು. ಬಂಧನವಾದೊಡನೆ ಆಸ್ತಿಯನ್ನು ವಶಪಡಿಸಿಕೊಂಡು, ಕೈದಿಯ ಊಟದ ಖರ್ಚನ್ನು ಅದರಿಂದಲೇ ಕಳೆಯುತ್ತಿದ್ದರು. ಚಿತ್ರಹಿಂಸೆ ನಿಜವಾಗಿಯೂ ಇತ್ತು. ಕೈಗಳನ್ನು ಹಿಂದಕ್ಕೆ ಕಟ್ಟಿ ಮೇಲಕ್ಕೆ ಎಳೆಯುವುದು, ಹಗ್ಗ ಬಿಗಿಯುವುದು, ಬಾಯಿಗೆ ಬಟ್ಟೆ ತುರುಕಿ ನೀರು ಸುರಿಯುವುದು ಅದರ ಬಗೆಗಳು. ಹಿಂಸೆಯಲ್ಲಿ ಹೇಳಿದ ತಪ್ಪೊಪ್ಪಿಗೆಯನ್ನು ಮರುದಿನ ಹಿಂಸೆಯ ಕೋಣೆಯ ಹೊರಗೆ ಮತ್ತೆ ಒಪ್ಪಬೇಕೆಂಬ ನಿಯಮವಿತ್ತು. ಇಷ್ಟೆಲ್ಲವನ್ನೂ ಗುಮಾಸ್ತ ಬರೆದಿಡುತ್ತಿದ್ದ, ಕೈದಿಯ ಕೂಗನ್ನು ಸಹ. ಕಬ್ಬಿಣದ ಪೆಟ್ಟಿಗೆ ಮಾತ್ರ ಈ ಕಡತಗಳಲ್ಲಿ ಎಲ್ಲೂ ಇಲ್ಲ. ಅದು ಬಹಳ ಕಾಲದ ಬಳಿಕ ಜರ್ಮನಿಯಲ್ಲಿ ಪ್ರದರ್ಶನಕ್ಕೆಂದು ಜೋಡಿಸಿದ ವಸ್ತು.

ಹಾಗಾದರೆ ದಂತಕಥೆ ಎಲ್ಲಿಂದ ಬಂತು? 1567ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ನಗರದಲ್ಲಿ ಮೊಂಟಾನಸ್ ಎಂಬ ಗುಪ್ತನಾಮದಲ್ಲಿ ಲ್ಯಾಟಿನ್ ಪುಸ್ತಕವೊಂದು ಅಚ್ಚಾಯಿತು. ಸೆವಿಲ್ಲಾದ ಪ್ರೊಟೆಸ್ಟೆಂಟರು ಅನುಭವಿಸಿದ ಕಷ್ಟಗಳು ಅದರಲ್ಲಿದ್ದವು. ನಿಜ ಘಟನೆಗಳ ಜೊತೆಗೆ, ಸಿಕ್ಕಿಬಿದ್ದವರಿಗೆಲ್ಲ ಅತ್ಯಂತ ಕ್ರೂರವಾದದ್ದೇ ಆಗುತ್ತದೆ ಎಂಬ ಭಾವನೆಯನ್ನೂ ಅದು ಬಿತ್ತಿತು. ಆಗ ಹಾಲೆಂಡಿನವರು ಸ್ಪೇನಿನ ವಿರುದ್ಧ ದಂಗೆ ಏಳುತ್ತಿದ್ದರು, ಇಂಗ್ಲೆಂಡಿಗೂ ಸ್ಪೇನಿಗೂ ಹಗೆತನವಿತ್ತು. ಆದ್ದರಿಂದ ಪುಸ್ತಕ ಬೇಗಬೇಗ ಬೇರೆ ಭಾಷೆಗಳಿಗೆ ಹೋಯಿತು. ಎರಡೂವರೆ ಶತಮಾನದ ಬಳಿಕ, ಇನ್‌ಕ್ವಿಸಿಷನ್‌ನ ಕಚೇರಿಯಲ್ಲೇ ಕಾರ್ಯದರ್ಶಿಯಾಗಿದ್ದ ಯೊರೆಂತೆ ಎಂಬ ಪಾದ್ರಿ ಪ್ಯಾರಿಸಿನಿಂದ ಅದರ ಇತಿಹಾಸ ಪ್ರಕಟಿಸಿದ. ಸುಟ್ಟವರ ಸಂಖ್ಯೆ ಸುಮಾರು 32,000 ಎಂದ. ಒಳಗಿನವನೇ ಹೇಳಿದ್ದರಿಂದ ಎಲ್ಲರೂ ನಂಬಿದರು. ಆದರೆ ಆ ಸಂಖ್ಯೆ ಕಡತಗಳನ್ನು ಎಣಿಸಿ ಬಂದದ್ದಲ್ಲ. ಅತ್ಯಂತ ಕ್ರೂರವಾಗಿದ್ದ ಆರಂಭದ ವರ್ಷಗಳ ಅಂದಾಜನ್ನು ಇಟ್ಟುಕೊಂಡು, ಉಳಿದ ನ್ಯಾಯಾಲಯಗಳಿಗೂ ವರ್ಷಗಳಿಗೂ ಅವನು ಗುಣಿಸಿ ಹಂಚಿದ್ದ.

ನಿಜವಾದ ಎಣಿಕೆಗೆ ದಾರಿ ಮಾಡಿಕೊಟ್ಟದ್ದು ಆ ನ್ಯಾಯಾಲಯದ ಕಚೇರಿ ಶಿಸ್ತೇ. ಪ್ರತಿ ಪ್ರಾಂತದ ನ್ಯಾಯಾಲಯವು ತಾನು ಮುಗಿಸಿದ ಪ್ರಕರಣಗಳ ಸಾರಾಂಶವನ್ನು ಮ್ಯಾಡ್ರಿಡ್‌ನ ಮೇಲ್ಮಂಡಳಿಗೆ ಕಳುಹಿಸಬೇಕಿತ್ತು. ಆರೋಪಿಯ ಹೆಸರು, ಆರೋಪ, ತೀರ್ಪು ಎಲ್ಲವೂ ಅದರಲ್ಲಿರುತ್ತಿತ್ತು. ಡೆನ್ಮಾರ್ಕಿನ ಗುಸ್ತಾವ್ ಹೆನ್ನಿಂಗ್‌ಸೆನ್ ಮತ್ತು ಸ್ಪೇನಿನ ಹೈಮೆ ಕೊಂತ್ರೆರಾಸ್ ಈ ಸಾರಾಂಶಗಳನ್ನು ಒಂದೊಂದಾಗಿ ಪಟ್ಟಿ ಮಾಡಿದರು. 1540ರಿಂದ 1700ರವರೆಗೆ ಅವರಿಗೆ ಸಿಕ್ಕಿದ್ದು 44,674 ಪ್ರಕರಣಗಳು. ಅದರಲ್ಲಿ ಮರಣದಂಡನೆಗೆ ಗುರಿಯಾದವರು 826 ಮಂದಿ, ಅಂದರೆ ನೂರಕ್ಕೆ ಎರಡಕ್ಕಿಂತ ಸ್ವಲ್ಪ ಕಡಿಮೆ. ಇನ್ನೂ 778 ಮಂದಿ ಓಡಿಹೋಗಿದ್ದರು ಇಲ್ಲವೇ ಸತ್ತಿದ್ದರು. ಅವರ ಬದಲು ಗೊಂಬೆಗಳನ್ನು ಸುಡಲಾಯಿತು.

ಈ ಲೆಕ್ಕಕ್ಕೂ ಮಿತಿಗಳಿವೆ. ಎಲ್ಲ ವರ್ಷಗಳ ಸಾರಾಂಶಗಳೂ ಉಳಿದಿಲ್ಲ. 1480ರಿಂದ 1530ರವರೆಗಿನ ಅತ್ಯಂತ ರಕ್ತಮಯ ಕಾಲ ಇದರಲ್ಲಿ ಸೇರಿಲ್ಲ. ಆಗ ಸತ್ತವರಲ್ಲಿ ಬಹುಪಾಲು ಯಹೂದಿ ಮೂಲದ ಕ್ರೈಸ್ತರು. ಸೆರೆಯಲ್ಲೇ ಕಾಯಿಲೆಯಿಂದ ಸತ್ತವರೂ ಮರಣದಂಡನೆಯ ಸಾಲಿನಲ್ಲಿ ಇಲ್ಲ. ಇದನ್ನೆಲ್ಲ ಗಮನದಲ್ಲಿಟ್ಟು, ಸ್ಪೇನಿನಲ್ಲಿ ಮೂರೂವರೆ ಶತಮಾನಗಳಲ್ಲಿ ಮರಣದಂಡನೆಗೆ ಗುರಿಯಾದವರು ಮೂರರಿಂದ ಐದು ಸಾವಿರ ಎಂದು ಇತಿಹಾಸಕಾರರು ಸಾಮಾನ್ಯವಾಗಿ ಅಂದಾಜಿಸುತ್ತಾರೆ.

ಕಡತಗಳಿಂದ ಹೊರಬಂದ ಇನ್ನೊಂದು ಪ್ರಕರಣ ಹಳೆಯ ಚಿತ್ರವನ್ನು ಇನ್ನಷ್ಟು ಅಲುಗಾಡಿಸಿತು. 1609ರಲ್ಲಿ ಉತ್ತರ ಸ್ಪೇನಿನ ಬಾಸ್ಕ್ ಹಳ್ಳಿಗಳಲ್ಲಿ ಮಾಟಗಾರರ ಭೀತಿ ಹಬ್ಬಿತು. 1610ರ ನವೆಂಬರಿನಲ್ಲಿ ಲೊಗ್ರೊನ್ಯೊ ನ್ಯಾಯಾಲಯವು ಆರು ಮಂದಿಯನ್ನು ಸುಟ್ಟಿತು. ಸೆರೆಯಲ್ಲೇ ಸತ್ತಿದ್ದ ಐದು ಮಂದಿಯ ಗೊಂಬೆಗಳನ್ನೂ ಸುಟ್ಟಿತು. ಅದೇ ನ್ಯಾಯಾಲಯದ ಮೂವರು ನ್ಯಾಯಾಧೀಶರಲ್ಲಿ ಒಬ್ಬ ಅಲೋನ್ಸೊ ದೆ ಸಲಾಸಾರ್. ಮರುವರ್ಷ ಅವನನ್ನು ಕ್ಷಮಾಪಣೆಯ ಪ್ರಕಟಣೆಯೊಂದಿಗೆ ಹಳ್ಳಿಗಳಿಗೆ ಕಳುಹಿಸಲಾಯಿತು. 1,802 ಮಂದಿ ಅವನ ಮುಂದೆ ತಪ್ಪೊಪ್ಪಿಕೊಂಡರು. ಅವರಲ್ಲಿ 1,384 ಮಂದಿ ಮಕ್ಕಳು!

ಸಲಾಸಾರ್ ಅವರ ಮಾತನ್ನು ಹಾಗೆಯೇ ಬರೆದುಕೊಂಡು ಮರಳಲಿಲ್ಲ, ಪರೀಕ್ಷಿಸಿದ. ಮಾಟದ ಲೇಪ ಎಂದು ತಂದುಕೊಟ್ಟದ್ದನ್ನು ಪ್ರಾಣಿಗಳಿಗೆ ತಿನ್ನಿಸಿದಾಗ ಅವಕ್ಕೇನೂ ಆಗಲಿಲ್ಲ. ಮಾಟಗಾರರು ಕೂಡುವ ಜಾಗ ಯಾವುದೆಂದು ಒಂದೇ ಊರಿನವರನ್ನು ಬೇರೆಬೇರೆಯಾಗಿ ಕೇಳಿದಾಗ ಉತ್ತರಗಳು ಹೊಂದಲಿಲ್ಲ. ಇಂಥ ರಾತ್ರಿ ಇಂಥ ಜಾಗದಲ್ಲಿ ಕೂಟ ನಡೆಯಿತು ಎಂದು ಕೆಲವರು ಹೇಳಿದರು. ಆ ರಾತ್ರಿ ಅದೇ ಜಾಗದಲ್ಲಿ ಅವನ ಇಬ್ಬರು ಗುಮಾಸ್ತರೇ ಇದ್ದರು, ಅವರಿಗೆ ಏನೂ ಕಂಡಿರಲಿಲ್ಲ. ಮಾಟದ ಸುದ್ದಿ ಮತ್ತು ಪ್ರವಚನ ಹಬ್ಬಿದ ಮೇಲೆಯೇ ಮಾಟಗಾರರು ಹುಟ್ಟಿಕೊಂಡರು ಎಂಬ ಅರ್ಥದ ವರದಿಯನ್ನು ಅವನು ಕೊಟ್ಟ. ಜೊತೆಯ ಇಬ್ಬರು ನ್ಯಾಯಾಧೀಶರು ವಿರೋಧಿಸಿದರು. ಆದರೂ 1614ರಲ್ಲಿ ಮೇಲ್ಮಂಡಳಿ ಅವನ ಮಾತನ್ನು ಒಪ್ಪಿ, ಗಟ್ಟಿ ಸಾಕ್ಷ್ಯವಿಲ್ಲದೆ ಯಾರನ್ನೂ ಮುಟ್ಟದಂತೆ ಹೊಸ ನಿಯಮ ತಂದಿತು. ಅದೇ ಕಾಲದಲ್ಲಿ ಜರ್ಮನ್ ನಾಡುಗಳಲ್ಲಿ ಸಾವಿರಾರು ಹೆಂಗಸರನ್ನು ಮಾಟದ ಹೆಸರಿನಲ್ಲಿ ಸುಡಲಾಗುತ್ತಿತ್ತು.

ಹಾಗೆಂದು ಇನ್‌ಕ್ವಿಸಿಷನ್ ಒಳ್ಳೆಯದಾಗಿತ್ತೇ? ಇಲ್ಲ. ಸಾವಿನ ಸಂಖ್ಯೆ ಕಡಿಮೆಯಾದ ಮಾತ್ರಕ್ಕೆ ಅನ್ಯಾಯ ಕಡಿಮೆಯಾಗುವುದಿಲ್ಲ. ಅದು ಎಲ್ಲಿತ್ತು ಎಂಬುದಷ್ಟೇ ಸ್ಪಷ್ಟವಾಗುತ್ತದೆ. ಶಿಕ್ಷೆ ಪಡೆದವನಿಗೆ ಸಾನ್‌ಬೆನಿತೊ ಎಂಬ ನಿಲುವಂಗಿ ತೊಡಿಸಿ ಜನರ ಮುಂದೆ ನಿಲ್ಲಿಸುತ್ತಿದ್ದರು. ಬಳಿಕ ಅದನ್ನು ಅವನ ಹೆಸರಿನೊಂದಿಗೆ ಊರಿನ ಚರ್ಚಿನಲ್ಲಿ ತೂಗುಹಾಕುತ್ತಿದ್ದರು. ಹಳತಾಗಿ ಹರಿದರೆ ಹೊಸದನ್ನು ಹಾಕುತ್ತಿದ್ದರು. ಮೊಮ್ಮಕ್ಕಳ ಕಾಲಕ್ಕೂ ಆ ಕುಟುಂಬದ ಮರ್ಯಾದೆ ಅಲ್ಲೇ ನೇತಾಡುತ್ತಿತ್ತು. ಪಕ್ಕದ ಮನೆಯವಳು ಅಡುಗೆಮನೆ ಇಣುಕಿದರೆ ಎದೆ ನಡುಗುವ ಬದುಕು ಅದು. ಈ ಭಯಕ್ಕೆ ಸಾಕ್ಷಿ 1884ರಲ್ಲಿ ಸಿಕ್ಕಿತು. ಅರಗಾನ್‌ನ ಅಲ್ಮೊನಾಸಿದ್ ಎಂಬ ಊರಲ್ಲಿ ಹಳೆಯ ಮನೆ ಕೆಡವುವಾಗ ಸುಳ್ಳು ನೆಲದಡಿ ಹಸ್ತಪ್ರತಿಗಳ ರಾಶಿಯೇ ಇತ್ತು. ಹಲವುಗಳಲ್ಲಿ ಲಿಪಿ ಅರಬಿ, ಭಾಷೆ ಮಾತ್ರ ಸ್ಪ್ಯಾನಿಷ್. ಅರಬಿ ಮರೆತುಹೋಗಿದ್ದ ಪೀಳಿಗೆ ನಮಾಝಿನ ವಿಧಿಯನ್ನು, ಪ್ರವಾದಿಗಳ ಚರಿತ್ರೆಯನ್ನು ಹೀಗೆ ಬರೆದು ಅಡಗಿಸಿಟ್ಟಿತ್ತು.

ಕೊನೆಗೆ 1609ರಿಂದ 1614ರವರೆಗೆ ಸುಮಾರು 3 ಲಕ್ಷ ಮೊರಿಸ್ಕೋಗಳನ್ನು ದೇಶದಿಂದಲೇ ಹೊರಹಾಕಲಾಯಿತು. ಅದು ಇನ್‌ಕ್ವಿಸಿಷನ್‌ನ ತೀರ್ಪಲ್ಲ, ಮೂರನೆಯ ಫಿಲಿಪ್ ರಾಜನ ಆಜ್ಞೆ. ನಮ್ಮ ಪ್ರವಚನಗಳಲ್ಲಿ ಸುಟ್ಟವರ ಲೆಕ್ಕವೇ ಮುಂದೆ ಬಂದರೆ, ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ ಈ ದುರಂತ ಮರೆಗೆ ಸರಿಯುತ್ತದೆ.

ನಮ್ಮ ನಾಡಿನ ಪಕ್ಕದ ಗೋವೆಯಲ್ಲೂ ಪೋರ್ಚುಗೀಸರು 1560ರಲ್ಲಿ ಇಂಥ ನ್ಯಾಯಾಲಯ ಸ್ಥಾಪಿಸಿದರು. 1812ರಲ್ಲಿ ಅದು ಮುಚ್ಚಿತು. ಅಲ್ಲಿಯ ವಿಚಾರಣಾ ಕಡತಗಳಲ್ಲಿ ಬಹುಪಾಲು ನಾಶವಾಗಿವೆ. ಆದ್ದರಿಂದ ಸ್ಪೇನಿನಲ್ಲಿ ಆದಂತೆ ಒಬ್ಬೊಬ್ಬ ಕೈದಿಯ ಮಾತನ್ನು ಕೇಳಿಸಿಕೊಳ್ಳುವುದು ಅಲ್ಲಿ ಸಾಧ್ಯವಿಲ್ಲ. ಕಡತ ಉಳಿದಿರುವ ಕಡೆ ನಾವು ಕಡತವನ್ನೇ ಓದಿ, ಅದು ಹೇಳಿದಷ್ಟನ್ನೇ ಹೇಳಬೇಕು. ಅಲ್ಮೊನಾಸಿದ್‌ನ ನೆಲದಡಿ ಪುಸ್ತಕ ಬಚ್ಚಿಟ್ಟ ಆ ಮನೆಯವರಿಗೆ ಉತ್ಪ್ರೇಕ್ಷೆಯ ಅಗತ್ಯವಿಲ್ಲ. ಅವರಿಗೆ ಆದದ್ದೇ ಸಾಕಷ್ಟಿದೆ.